ಹೆಸರು ಓದುವ ಮೊದಲು
(ಕಬಡ್ಡಿ ಪಂದ್ಯಾಟದ ಬಳಿಕ ವಾಚನಾಲಯದಲ್ಲಿ ನಡೆದ ಕೃತಜ್ಞತಾ ಸಭೆಯಲ್ಲಿ ಮಾಡಿದ ಭಾಷಣ)



ಮುಂಬಯಿಯ ನಮ್ಮ ಚಾಳಿನ ಬಯಲಿನಲ್ಲಿ ಎರಡು ಸಂಜೆ ನಡೆದ ಕಬಡ್ಡಿ ಪಂದ್ಯಾಟವು ಸಾಂಗವಾಗಿ ಮುಗಿಯಿತು. ಗೆದ್ದವರಿಗೆ ಢಾಲು ಅಂದೇ ಕೈಸೇರಿದೆ. ಇಂದಿನ ಸಭೆ ಆಡದೆ ದುಡಿದವರದು. ಅವರ ಹೆಸರುಗಳ ಪಟ್ಟಿಯನ್ನು ಕಾರ್ಯದರ್ಶಿಗಳು ಈಗ ಓದಲಿದ್ದಾರೆ. ಆ ಪಟ್ಟಿ ಹೇಗೆ ಸಿದ್ಧವಾಯಿತೆಂದು ತಮ್ಮಲ್ಲಿ ಅರಿಕೆ ಮಾಡುವ ಕೆಲಸ ನಮ್ಮದು.

ನೆನಪಿನಿಂದ ಹೆಸರು ಹೇಳಹೊರಟರೆ ವೇದಿಕೆಯ ಮೇಲಿದ್ದವರು ಮೊದಲು ನೆನಪಾಗುತ್ತಾರೆ. ಎಂಟು ತಂಡಗಳ ಏಳು ಪಂದ್ಯಗಳನ್ನು ತಾವು ನೋಡಿದಿರಿ. ಆದರೆ ಹಿಂದಿನ ರಾತ್ರಿ ಮಣ್ಣನ್ನು ಜರಡಿ ಹಿಡಿದು, ಕಲ್ಲು ಗಾಜಿನ ಚೂರು ಆರಿಸಿ, 13 ಮೀಟರು ಉದ್ದ 10 ಮೀಟರು ಅಗಲದ ಅಂಕಣಕ್ಕೆ ಸುಣ್ಣದ ಗೆರೆ ಎಳೆದವರನ್ನು ಎಷ್ಟು ಜನ ಕಂಡಿರಿ? ಮುಗಿದ ಮೇಲೆ ಅದೇ ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ಬಯಲು ಗುಡಿಸಿದವರ ಚಿತ್ರವನ್ನು ಯಾರೂ ತೆಗೆಯಲಿಲ್ಲ. ಆದ್ದರಿಂದ ನಾವು ಪಟ್ಟಿಯನ್ನು ನೆನಪಿನಿಂದ ಬರೆಯದೆ ಎರಡು ಪುಸ್ತಕಗಳಿಂದ ಬರೆದೆವು. ಒಂದು ಹಾಜರಿ ಪುಸ್ತಕ. ಅದರಲ್ಲಿ ಯಾರು, ಯಾವ ಹೊತ್ತು, ಯಾವ ಕೆಲಸ ಎಂದಿದೆ. ಇನ್ನೊಂದು ರಸೀದಿ ಪುಸ್ತಕ. ಫೋನಿನ ಮೂಲಕ ಹಣ ಕಳಿಸಿದವರಿಗೂ ಅಂದೇ ರಸೀದಿ ಬರೆದದ್ದರಿಂದ ಅವರ ಹೆಸರೂ ಅದರಲ್ಲಿದೆ.

ಯಾರ ಹೆಸರು ಮೊದಲು ಎಂಬ ಪ್ರಶ್ನೆ ಸಮಿತಿಯಲ್ಲಿ ಬಂತು. ಹೆಚ್ಚು ಹಣ ಕೊಟ್ಟವರದು ಮೊದಲು ಬರಲಿ, ಮುಂದಿನ ವರ್ಷಕ್ಕೂ ಅನುಕೂಲ ಎಂದರು ಕೆಲವರು. ಆ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಎರಡು ರಾತ್ರಿ ನಿದ್ದೆಗೆಟ್ಟ ಹುಡುಗನಿಗೆ ಎಷ್ಟು ರೂಪಾಯಿ ಎಂದು ಕಟ್ಟುವುದು? ಕೊನೆಗೆ ಪಟ್ಟಿಯನ್ನು ಮೂರು ಭಾಗ ಮಾಡಿದೆವು: ದುಡಿಮೆ ಕೊಟ್ಟವರು, ವಸ್ತು ಕೊಟ್ಟವರು, ಹಣ ಕೊಟ್ಟವರು. ಪ್ರತಿ ಭಾಗದಲ್ಲೂ ಅಕಾರಾದಿ ಕ್ರಮ. ಅದೂ ಮನೆತನದ ಹೆಸರಿನಿಂದಲ್ಲ, ಅವರವರ ಸ್ವಂತ ಹೆಸರಿನಿಂದ. ಇಲ್ಲವಾದರೆ ನಮ್ಮ ಶೆಟ್ಟರೆಲ್ಲ ಯಾವಾಗಲೂ ಕೊನೆಯಲ್ಲೇ ನಿಲ್ಲಬೇಕಾದೀತು! ಮೊತ್ತಗಳನ್ನು ಇಲ್ಲಿ ಓದುವುದಿಲ್ಲ. ಅವು ಜಮಾಖರ್ಚಿನ ತಖ್ತೆಯಲ್ಲಿವೆ, ಯಾರು ಬೇಕಾದರೂ ನೋಡಬಹುದು.

ವಸ್ತುವಿನ ಲೆಕ್ಕದಲ್ಲಿ ಸ್ವಲ್ಪ ವಿವೇಚನೆ ಬೇಕಾಯಿತು. ದೀಪ ಮತ್ತು ಧ್ವನಿವರ್ಧಕದವರು ಅರ್ಧ ಬಾಡಿಗೆ ಬಿಟ್ಟರು. ನಾವು ಕೊಟ್ಟ ಅರ್ಧ ಖರ್ಚಿನಲ್ಲಿದೆ. ಅವರು ಬಿಟ್ಟ ಅರ್ಧಕ್ಕೆ ಪಟ್ಟಿಯಲ್ಲಿ ವಂದನೆಯಿದೆ. ಒಬ್ಬ ವ್ಯಾಪಾರಿಗಳು ಹಣ ಕೊಟ್ಟು ತಮ್ಮ ಅಂಗಡಿಯ ಫಲಕ ಕಟ್ಟಿಸಿದರು. ಅದು ಜಾಹೀರಾತು, ಅದಕ್ಕೆ ತಕ್ಕ ಜಾಗ ಅವರಿಗೆ ಸಿಕ್ಕಿದೆ. ಅವರ ಉಪಕಾರವನ್ನು ಸ್ಮರಿಸುತ್ತೇವೆ, ಆದರೆ ದಾನದ ಪಟ್ಟಿಯಲ್ಲಿ ಸೇರಿಸಿಲ್ಲ. ಹೆಸರು ಬೇಡವೆಂದ ಒಬ್ಬರ ಕಾಣಿಕೆ ರಸೀದಿಯ ಸಂಖ್ಯೆಯಿಂದ ಮಾತ್ರ ನಮೂದಾಗಿದೆ.

ಕರಡು ಪಟ್ಟಿಯನ್ನು ಮೂರು ದಿನ ಫಲಕಕ್ಕೆ ಹಚ್ಚಿ, ಪಕ್ಕದಲ್ಲಿ ಪೆನ್ಸಿಲು ಕಟ್ಟಿಟ್ಟಿದ್ದೆವು. ಸೊಗಸೆಂದರೆ, ಬಂದವರು ತಮ್ಮ ಹೆಸರಿಗಿಂತ ಪರರ ಹೆಸರನ್ನೇ ಹೆಚ್ಚಾಗಿ ಬರೆದರು. ಬೆಳಗಿನ ನಲ್ಲಿಯ ನೀರನ್ನು ಹಿಡಿದಿಟ್ಟು ಆಟಗಾರರಿಗೆ ಕೊಟ್ಟ ತಾಯಂದಿರನ್ನು ಯಾರೋ "ಇಂಥವರ ಮನೆಯವರು" ಎಂದು ಬರೆದಿದ್ದರು. ಮನೆಮನೆಗೆ ಹೋಗಿ ಅವರವರ ಹೆಸರು ಕೇಳಿ ಬರೆದುಕೊಂಡೆವು. ಒಬ್ಬ ಅಜ್ಜಿ, "ನನ್ನ ಹೆಸರು ಕೇಳಿದವರೇ ಇಲ್ಲ ಮಗಾ, ತಡೆ, ಸರಿಯಾಗಿ ಹೇಳುತ್ತೇನೆ" ಎಂದರು.

ಕಬಡ್ಡಿಯ ಒಂದು ನಿಯಮ ಇಲ್ಲಿ ನೆನಪಾಗುತ್ತದೆ. ಔಟಾದ ಆಟಗಾರರು ಔಟಾದ ಕ್ರಮದಲ್ಲೇ ಮತ್ತೆ ಒಳಗೆ ಬರಬೇಕು. ಆ ಕ್ರಮ ಬರೆದಿಡುವುದಕ್ಕೆಂದೇ ಇಬ್ಬರು ಸಹಾಯಕ ಲೆಕ್ಕಿಗರು ಕೂತಿರುತ್ತಾರೆ. ಜನ ಕೂಗುವುದು ದಾಳಿಗಾರನ ಹೆಸರನ್ನು. ಆದರೆ ಆ ಇಬ್ಬರು ಒಂದು ಸಾಲು ತಪ್ಪಿದರೆ ಅಂಕಣದಲ್ಲಿ ಜಗಳ. ನಮ್ಮ ಪಂದ್ಯಾಟದಲ್ಲಿ ಅಂಥ ಒಂದು ಜಗಳವೂ ಆಗಲಿಲ್ಲ. ಅವರ ಹೆಸರು ಮೊದಲ ಭಾಗದಲ್ಲಿದೆ.

ಇನ್ನೊಂದು ವರ್ಗದವರು ಏನನ್ನೂ ಕೊಡಲಿಲ್ಲ, ಆದರೆ ಬಿಟ್ಟುಕೊಟ್ಟರು. ಬಯಲಿನ ಅಂಚಿನಲ್ಲಿ ಗಾಡಿ ನಿಲ್ಲಿಸುವ ಭಾಜಿಯವರು ಎರಡು ಸಂಜೆಯ ವ್ಯಾಪಾರ ಬಿಟ್ಟರು. ಕೆಳಮಾಳಿಗೆಯ ಮನೆಗಳವರು ಗದ್ದಲ ಸಹಿಸಿದರು. ರಾತ್ರಿ 10ರ ಮೇಲೆ ಧ್ವನಿವರ್ಧಕ ಹಾಕಬಾರದೆಂಬುದು 2000ದ ಶಬ್ದಮಾಲಿನ್ಯ ನಿಯಮ. ನಾವು ಅಂತಿಮ ಪಂದ್ಯವನ್ನು ಅದಕ್ಕೆ ಮೊದಲೇ ಮುಗಿಸಿದೆವು. ಆದರೂ ಪರೀಕ್ಷೆಗೆ ಓದುವ ಮಕ್ಕಳಿಗೆ ಎಂಟು ಗಂಟೆಯ ಗದ್ದಲವೂ ಗದ್ದಲವೇ. ಕನ್ನಡ ಬಾರದ ನೆರೆಯವರೂ ಇವರಲ್ಲಿದ್ದಾರೆ. ಅವರಿಗಾಗಿ ಪಟ್ಟಿಯ ಕೊನೆಗೆ ಮರಾಠಿಯಲ್ಲೂ ನಾಲ್ಕು ಸಾಲು ಬರೆದು ಚಾಳಿನ ಬಾಗಿಲಿಗೆ ಹಚ್ಚಿದ್ದೇವೆ.

ಈಗ ಕಾರ್ಯದರ್ಶಿಗಳು ಹೆಸರುಗಳನ್ನು ಓದುತ್ತಾರೆ. ಚಪ್ಪಾಳೆ ಕೊನೆಗೆ ಒಂದೇ ಸಲ ಇರಲಿ ಎಂದು ಪ್ರಾರ್ಥನೆ. ನಡುವೆ ತಟ್ಟಿದರೆ ಮುಂದಿನವರ ಹೆಸರು ಕೇಳಿಸುವುದಿಲ್ಲ.