ಮೂರು ಅಂಕ ಹಿಂದಿದ್ದ ಹುಡುಗಿ



ನಾನು ಗಣಿತದ ಮೇಷ್ಟ್ರು. ಭಾಷಣ ಬರುವುದಿಲ್ಲ, ಅದಕ್ಕೇ ಒಂದು ಲೆಕ್ಕ ತಂದಿದ್ದೇನೆ.

ಹಿಂದೆ ಬೇರೊಂದು ಶಾಲೆಯಲ್ಲಿ ನಾನೇ ಮಾಡಿದ ತಪ್ಪು ಇದು. ಒಂಬತ್ತನೆಯ ತರಗತಿಯವರು ರೇಷ್ಮೆ ಗೂಡಿನ ಮೇಲೆ ಪ್ರಾಜೆಕ್ಟ್ ಮಾಡಿದ್ದರು. ವೀಕ್ಷಣೆಯ ಪುಸ್ತಕಕ್ಕೆ 10 ಅಂಕ, ಮಾದರಿಗೆ 5, ಮೌಖಿಕ ವಿವರಣೆಗೆ 20. ಒಬ್ಬಳು ಮಾತು ಕಡಿಮೆಯ ಹುಡುಗಿ, ಅವಳಿಗೆ 9, 4, 10 ಬಂತು. ಚುರುಕು ನಾಲಗೆಯ ಹುಡುಗನಿಗೆ 5, 4, 17. ಕೂಡಿದೆ: ಅವಳಿಗೆ 23, ಅವನಿಗೆ 26. ತಾಲ್ಲೂಕು ವಸ್ತುಪ್ರದರ್ಶನಕ್ಕೆ ಹುಡುಗನ ಹೆಸರು ಬರೆದೆ.

ಸಂಜೆ ಹುಡುಗಿ ಬಂದು ಕೇಳಿದಳು: "ಸಾರ್, ಪುಸ್ತಕಕ್ಕೆ ಅರ್ಧ ಬೆಲೆ ಅಂದಿದ್ರಲ್ಲ?"

ನಿಜ. ಮೊದಲ ದಿನವೇ ಬೋರ್ಡಿನ ಮೇಲೆ ಬರೆದಿದ್ದೆ: ಪುಸ್ತಕಕ್ಕೆ ನೂರಕ್ಕೆ 50, ಮಾದರಿಗೆ 20, ಮೌಖಿಕಕ್ಕೆ 30. ಸುಮ್ಮನೆ ಕೂಡಿದಾಗ 35ರಲ್ಲಿ 20 ಅಂಕ ಮೌಖಿಕದ್ದೇ ಆಯಿತು, ಅಂದರೆ ಅರ್ಧಕ್ಕಿಂತ ಹೆಚ್ಚು. ಶಿಡ್ಲಘಟ್ಟದ ಮಾರುಕಟ್ಟೆಗೆ ಗೂಡು ಹಾಕಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಬೈವೋಲ್ಟೀನ್ ಗೂಡಿನ ಕೆಜಿ, ಮಿಶ್ರತಳಿ ಗೂಡಿನ ಕೆಜಿ ಎರಡನ್ನೂ ಕೂಡಿದರೆ ದುಡ್ಡು ಎಷ್ಟೆಂದು ಗೊತ್ತಾಗುವುದಿಲ್ಲ. ಒಂದೊಂದನ್ನೂ ಅದರದರ ದರದಿಂದ ಗುಣಿಸಿ ಆಮೇಲೆ ಕೂಡಬೇಕು.

ಹಾಗೇ ಮಾಡಿದೆ. ಪಡೆದ ಅಂಕವನ್ನು ಗರಿಷ್ಠ ಅಂಕದಿಂದ ಭಾಗಿಸಿ, ಅದರ ತೂಕದಿಂದ ಗುಣಿಸುವುದು. ಹುಡುಗಿಗೆ 45, 16, 15, ಒಟ್ಟು 76. ಹುಡುಗನಿಗೆ 25, 16, 25.5, ಒಟ್ಟು 66.5. ಮೂರು ಹಿಂದಿದ್ದವಳು ಒಂಬತ್ತೂವರೆ ಮುಂದಾದಳು. ಹೆಸರು ತಿದ್ದಿದೆ, ಹುಡುಗನಿಗೂ ಲೆಕ್ಕ ತೋರಿಸಿದೆ. ಅವನು ಒಪ್ಪಿಕೊಂಡ, ಮುಖ ಮಾತ್ರ ಸಪ್ಪೆಯಾಗಿತ್ತು.

ಅಂದಿನಿಂದ ಪಟ್ಟಿ ಬರೆಯುವ ಮೊದಲು ಇಲ್ಲದ ಮಗುವೊಂದಕ್ಕೆ ಎಲ್ಲದರಲ್ಲೂ ಪೂರ್ಣ ಅಂಕ ಹಾಕಿ ನೋಡುತ್ತೇನೆ. ಸರಿಯಾಗಿ 100 ಬರಬೇಕು. ಆಮೇಲೆ ಒಂದೊಂದರಲ್ಲೂ ಒಂದೇ ಅಂಕ ಕಳೆಯುತ್ತೇನೆ. ಪುಸ್ತಕದ ಒಂದು ಅಂಕ ಹೋದರೆ 5 ಇಳಿಯಬೇಕು, ಮಾದರಿಯದಾದರೆ 4, ಮೌಖಿಕದ್ದಾದರೆ ಒಂದೂವರೆ. ಮೂರೂ ಒಂದೇ ಸಮ ಇಳಿದರೆ ತೂಕ ಸೇರಿಲ್ಲ ಎಂದೇ ಅರ್ಥ.

ಭಿನ್ನಾಂಕವನ್ನು ಮಧ್ಯದಲ್ಲಿ ಮುಟ್ಟಬಾರದು. ಎಸ್‌ಎಸ್‌ಎಲ್‌ಸಿಯಲ್ಲಿ ಪ್ರಥಮ ಭಾಷೆಗೆ 25, ಉಳಿದ ವಿಷಯಗಳಿಗೆ 20 ಆಂತರಿಕ ಅಂಕ ಇರುವುದು ನಿಮಗೆ ಗೊತ್ತು. 72.5 ಪಡೆದ ಮಗುವಿನ ಅರ್ಧವನ್ನು ಮೊದಲೇ ಬಿಟ್ಟು 20ಕ್ಕೆ ಇಳಿಸಿದರೆ 14.4, ಅಂದರೆ 14. ಕೊನೆಯಲ್ಲಿ ಮಾತ್ರ ಪೂರ್ಣಾಂಕ ಮಾಡಿದರೆ 14.5, ಅಂದರೆ 15. ನಮ್ಮ ಕೈಚಳಕಕ್ಕೆ ಮಗು ಒಂದು ಅಂಕ ತೆರುತ್ತದೆ.

ಇಷ್ಟಾದರೂ ಲೆಕ್ಕಕ್ಕೆ ಸಿಗದ್ದು ಒಂದಿದೆ. ಆ ವರ್ಷ ಮಾದರಿಗೆ ನಾನು ತರಗತಿಯ ಎಲ್ಲರಿಗೂ 4 ಕೊಟ್ಟಿದ್ದೆ. ಎಲ್ಲರಿಗೂ 16 ಸೇರಿತು, ಯಾರೂ ಮುಂದೆ ಹೋಗಲಿಲ್ಲ, ಹಿಂದೆಯೂ ಬೀಳಲಿಲ್ಲ. ಕಾಗದದ ಮೇಲೆ 20 ತೂಕವಿದ್ದ ಮಾದರಿ ಸ್ಥಾನಗಳನ್ನು ತೀರ್ಮಾನಿಸುವಲ್ಲಿ ಸೊನ್ನೆ. ಇಡೀ ರಾತ್ರಿ ಕೂತು ಚಂದ್ರಿಕೆಯನ್ನು ನಿಜಕ್ಕೂ ಹೆಣೆದು ತಂದ ಹುಡುಗನೊಬ್ಬನಿದ್ದ. ಅವನಿಗೂ 4. ಅವನು ಬಂದು ಕೇಳಲಿಲ್ಲ.