ಗಂಟಲು ಕಟ್ಟಿ ಮೂರು ವಾರವಾದರೆ
(ಮಠದ ಮಾಸಿಕ ಅನುಭಾವ ಗೋಷ್ಠಿಯಲ್ಲಿ ಕಿವಿ, ಮೂಗು, ಗಂಟಲು ವೈದ್ಯರೊಬ್ಬರು ಮಾಡಿದ ಉಪನ್ಯಾಸ)



ನನ್ನ ಬಳಿ ಬಂದಿದ್ದ ಒಬ್ಬ ರೈತರ ವಿಷಯ ಹೇಳುತ್ತೇನೆ. ವಯಸ್ಸು 58. ಮೂವತ್ತು ವರ್ಷದಿಂದ ಬೀಡಿ ಸೇದುತ್ತಿದ್ದರು. ಶಿವರಾತ್ರಿಗೆ ರಾತ್ರಿಯಿಡೀ ಭಜನೆ ಹಾಡಿದ ಮೇಲೆ ಗಂಟಲು ಕಟ್ಟಿತು. ಹಾಡಿದ್ದರಿಂದಲೇ ಹೀಗಾಯಿತೆಂದು ಎರಡು ತಿಂಗಳು ಕಷಾಯ ಕುಡಿದರು. ನೋವಿರಲಿಲ್ಲ, ಊಟವೂ ಸರಾಗವಾಗಿ ಇಳಿಯುತ್ತಿತ್ತು. ಫೋನಿನಲ್ಲಿ ಮಗಳಿಗೇ ಅಪ್ಪನ ಧ್ವನಿ ಗುರುತು ಸಿಗದೆ ಹೋದಾಗ, ಅವಳು ಹಟ ಹಿಡಿದು ಕರೆತಂದಳು.

ಮೂಗಿನ ಮೂಲಕ ತೆಳ್ಳನೆಯ ದುರ್ಬೀನು ಇಳಿಸಿ ನೋಡಿದೆವು. ಕೆಲವೇ ನಿಮಿಷದ ಕೆಲಸ; ಕೊಯ್ಯುವುದೇನೂ ಇಲ್ಲ. ಬಲಗಡೆಯ ಧ್ವನಿತಂತುವಿನ ಮೇಲೆ ಬಿಳಿಚಿದ, ಒರಟಾದ ಕಲೆ ಇತ್ತು. ಆ ತಂತು ಇನ್ನೂ ಚೆನ್ನಾಗಿ ಅಲುಗಾಡುತ್ತಿತ್ತು. ಚೂರು ತೆಗೆದು ಪರೀಕ್ಷೆಗೆ ಕಳಿಸಿದಾಗ ಕ್ಯಾನ್ಸರ್ ಎಂದು ಖಚಿತವಾಯಿತು, ಆದರೆ ಮೊದಲ ಹಂತದ್ದು. ವಾರಕ್ಕೆ 5 ದಿನದಂತೆ ಸುಮಾರು 6 ವಾರ ವಿಕಿರಣ ಚಿಕಿತ್ಸೆ ಆಯಿತು. ಧ್ವನಿಪೆಟ್ಟಿಗೆ ಉಳಿಯಿತು. ಬೀಡಿ ಬಿಟ್ಟಿದ್ದಾರೆ, ಈಗಲೂ ಭಜನೆಗೆ ಕೂರುತ್ತಾರೆ.

ಧ್ವನಿತಂತು ಬಹಳ ಸೂಕ್ಷ್ಮ. ಅದರ ಅಂಚಿನಲ್ಲಿ ಸಣ್ಣ ಗಂಟು ಎದ್ದರೂ ಧ್ವನಿ ಒಡೆಯುತ್ತದೆ. ಅಲ್ಲಿಂದ ರೋಗ ಕುತ್ತಿಗೆಯ ಗ್ರಂಥಿಗಳಿಗೆ ಹರಡುವುದೂ ನಿಧಾನ. ಹೀಗಾಗಿ ರೋಗ ಚಿಕ್ಕದಿರುವಾಗಲೇ ಹಿಡಿಯಲು ನಮಗೆ ಸಮಯ ಸಿಗುತ್ತದೆ. ಆ ಸಮಯ ಕಳೆದು ತಂತು ಅಲುಗಾಡದೆ ನಿಂತರೆ, ರೋಗ ಆಳಕ್ಕಿಳಿದಿದೆ ಎಂದರ್ಥ. ತೀರಾ ಮುಂದುವರಿದರೆ ಧ್ವನಿಪೆಟ್ಟಿಗೆಯನ್ನೇ ತೆಗೆದು, ಕುತ್ತಿಗೆಯಲ್ಲಿ ಮಾಡಿದ ರಂಧ್ರದಿಂದ ಉಸಿರಾಡಬೇಕಾಗಬಹುದು.

ತಂಬಾಕು, ಗುಟಕಾ ಜಗಿಯುವವರು ಇನ್ನೊಂದು ಮಾತು ಗಮನಿಸಬೇಕು. ನಾಲಿಗೆಯ ಬುಡದಲ್ಲೋ ಅನ್ನನಾಳದ ಬಾಯಲ್ಲೋ ರೋಗ ಶುರುವಾದರೆ ಧ್ವನಿ ಮೊದಲು ಕೆಡುವುದೇ ಇಲ್ಲ. ಒಂದೇ ಕಡೆ ಗಂಟಲು ನೋವು, ಕಿವಿ ಸರಿಯಿದ್ದರೂ ಅದೇ ಕಡೆಯ ಕಿವಿನೋವು, ತುತ್ತು ಸಿಕ್ಕಿದಂತಾಗುವುದು, ಕುತ್ತಿಗೆಯಲ್ಲಿ ನೋವಿಲ್ಲದ ಗಂಟು: ಇವೇ ಅದರ ಗುರುತುಗಳು. ಧ್ವನಿ ಚೆನ್ನಾಗಿದೆಯೆಂದು ಸುಮ್ಮನಿರಬೇಡಿ.

ಗಂಟಲು ಕಟ್ಟಿದವರೆಲ್ಲರಿಗೂ ಕ್ಯಾನ್ಸರ್ ಎಂದು ನಾನು ಹೇಳುತ್ತಿಲ್ಲ. ನೆಗಡಿಯಿಂದ, ಕೂಗಾಟದಿಂದ ಕಟ್ಟಿದ ಗಂಟಲು ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ತಿಳಿಯಾಗುತ್ತದೆ. ಮೂರು ವಾರವಾದರೂ ಆಗದಿದ್ದರೆ ಕಾರಣ ಬೇರೆ ಇರಬಹುದು, ಅದನ್ನು ಕಣ್ಣಾರೆ ನೋಡಿಯೇ ತಿಳಿಯಬೇಕು. ಬಾಯಿ ತೆರೆಸಿ ಟಾರ್ಚ್ ಹಾಕಿದರೆ ಧ್ವನಿತಂತು ಕಾಣುವುದಿಲ್ಲ. ಆದ್ದರಿಂದ ಔಷಧಿ ಬರೆಸಿಕೊಂಡು ಬರುವುದಷ್ಟೇ ಸಾಲದು, "ಧ್ವನಿಪೆಟ್ಟಿಗೆ ನೋಡಿರಿ" ಎಂದು ಕೇಳಿರಿ. ಉಸಿರೆಳೆಯುವಾಗ ಸದ್ದು ಬರತೊಡಗಿದರೆ ಮಾತ್ರ ಮೂರು ವಾರ ಕಾಯದೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಇಂದು ಮನೆಗೆ ಹೋದ ಮೇಲೆ, ಬೀಡಿ ಸೇದುವ, ತಂಬಾಕು ಜಗಿಯುವ ಹಿರಿಯರ ಧ್ವನಿಯನ್ನು ಒಮ್ಮೆ ಕಿವಿಗೊಟ್ಟು ಕೇಳಿರಿ. ಬದಲಾಗಿದ್ದರೆ, ಎಂದಿನಿಂದ ಎಂದು ವಿಚಾರಿಸಿರಿ.