ಸ್ಲೈಡಿನ ಮಾತು ಸಬ್‌ಟೈಟಲ್‌ಗೆ ಇಳಿದಾಗ
(ಶಿಕ್ಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ವ್ಯಾಕರಣ ಪಾಠವೊಂದನ್ನು ವಿಡಿಯೋ ಮಾಡಿದಾಗ ನನ್ನಿಂದಾದ ಒಂದು ತಪ್ಪನ್ನು ನಿಮ್ಮ ಮುಂದಿಡುತ್ತೇನೆ. ನನ್ನ ತರಗತಿಯಲ್ಲಿ ಕಿವಿ ಕೇಳಿಸದ ಒಬ್ಬ ಹುಡುಗಿಯಿದ್ದಾಳೆ. ಪರದೆಯ ಕೆಳಗಿನ ಸಬ್‌ಟೈಟಲ್ಲೇ ಅವಳಿಗೆ ನನ್ನ ದನಿ.

ಸಬ್‌ಟೈಟಲ್‌ಗೆ ನಾನು ಇಟ್ಟುಕೊಂಡ ಮಿತಿ ಎರಡು ಸಾಲು, ಸಾಲಿಗೆ 42 ಅಕ್ಷರ. ನನ್ನ ಸ್ಲೈಡಿನಲ್ಲಿ ಹೀಗಿತ್ತು: "ಸ್ವರದ ಮುಂದೆ ಸ್ವರವು ಬಂದು ಸಂಧಿಯಾಗುವಾಗ, ಅರ್ಥವು ಕೆಡದಂತಿದ್ದ ಪಕ್ಷದಲ್ಲಿ, ಪೂರ್ವಪದದ ಕೊನೆಯಲ್ಲಿರುವ ಸ್ವರವು ಲೋಪವಾಗುವುದಕ್ಕೆ ಲೋಪಸಂಧಿ ಎಂದು ಹೆಸರು." ಕಂಪ್ಯೂಟರ್ ಎಣಿಸಿದ್ದು 129. ನಮ್ಮ ಕಣ್ಣಿಗೆ ಅಷ್ಟು ಕಾಣುವುದಿಲ್ಲ. ಏಕೆಂದರೆ ನಾವು ಒಂದೇ ಅಕ್ಷರವೆನ್ನುವ 'ಲ್ಲಿ' ಯುನಿಕೋಡ್ ಲೆಕ್ಕದಲ್ಲಿ ನಾಲ್ಕು: ಎರಡು ಲಕಾರ, ಒಂದು ವಿರಾಮಚಿಹ್ನೆ, ಒಂದು ಗುಣಿತ. 'ದಿಲ್' ಎಂಬ ಪದ ಉರ್ದು ಲಿಪಿಯಲ್ಲಿ ಎರಡೇ ಅಕ್ಷರ. ಕನ್ನಡದಲ್ಲಿ ಬರೆದರೆ ಎಣಿಕೆ ನಾಲ್ಕು. ಆದ್ದರಿಂದ ಬೆರಳೆಣಿಕೆಯನ್ನು ನಂಬದೆ ತಂತ್ರಾಂಶದ ಎಣಿಕೆಯನ್ನೇ ನೋಡಬೇಕು.

ಅವಸರದಲ್ಲಿ ನಾನು ಹೀಗೆ ಕತ್ತರಿಸಿದೆ:

ಸ್ವರದ ಮುಂದೆ ಸ್ವರ ಬಂದರೆ
ಮೊದಲ ಸ್ವರ ಬಿಟ್ಟುಹೋಗುತ್ತದೆ: ಲೋಪಸಂಧಿ

ಅಳತೆಗೆ ಸರಿಹೊಂದಿತು. ಮರುವಾರ ಆ ಹುಡುಗಿಯ ಪುಸ್ತಕದಲ್ಲಿ 'ಊರು + ಅಲ್ಲಿ = ಊರಲ್ಲಿ' ಸರಿಯಾಗಿತ್ತು. ಅದರ ಕೆಳಗೆ 'ಮನೆ + ಅಲ್ಲಿ = ಮನಲ್ಲಿ' ಎಂದಿತ್ತು. ತಪ್ಪು ಅವಳದಲ್ಲ. 'ಅರ್ಥ ಕೆಡದಿದ್ದರೆ' ಎಂಬ ಷರತ್ತನ್ನು ನಾನು ಬಾಯಿಯಲ್ಲಿ ಹೇಳಿದ್ದೆ, ಸಬ್‌ಟೈಟಲ್‌ನಲ್ಲಿ ಬಿಟ್ಟಿದ್ದೆ. ಲೋಪ ಮಾಡಿದರೆ ಅರ್ಥ ಕೆಡುವುದರಿಂದಲೇ ಅಲ್ಲಿ ಯಕಾರ ಆಗಮವಾಗಿ 'ಮನೆಯಲ್ಲಿ' ಆಗುತ್ತದೆ. ಕೇಳಿಸಿಕೊಂಡವರಿಗೆ ಒಂದು ಪಾಠ, ಓದಿದವಳಿಗೆ ಇನ್ನೊಂದು ಪಾಠ ಆಗಿಹೋಗಿತ್ತು.

ಎರಡನೆಯ ಸಲ ಮೊದಲು ಷರತ್ತಿಗೂ ಪಾರಿಭಾಷಿಕ ಪದಗಳಿಗೂ ಗೆರೆ ಎಳೆದೆ, ಅವನ್ನು ಮುಟ್ಟುವಂತಿಲ್ಲ. ಉಳಿದದ್ದರಲ್ಲಿ 'ಸಂಧಿಯಾಗುವಾಗ', 'ಪಕ್ಷದಲ್ಲಿ', 'ಎಂದು ಹೆಸರು' ಹೋದವು. 'ಕೊನೆಯಲ್ಲಿರುವ' ಎಂಬುದು 'ಕೊನೆ' ಆಯಿತು. ಅದೊಂದರಲ್ಲೇ ಎಂಟು ಉಳಿಯಿತು. 'ಪೂರ್ವಪದದ' ಎಂಬುದನ್ನು 'ಮೊದಲ ಪದದ' ಎಂದು ಬದಲಿಸಲು ಹೋದೆ, ಎರಡೂ ಎಂಟೇ. ಲಾಭವಿಲ್ಲದ ಮೇಲೆ ಪಠ್ಯದ ಪದವನ್ನೇ ಉಳಿಸಿದೆ.

ಸ್ವರದ ಮುಂದೆ ಸ್ವರ ಬಂದು ಅರ್ಥ ಕೆಡದಿದ್ದರೆ
ಪೂರ್ವಪದದ ಕೊನೆ ಸ್ವರ ಹೋಗುವುದೇ ಲೋಪಸಂಧಿ

ಮೊದಲ ಸಾಲು 37, ಎರಡನೆಯದು 35. ಷರತ್ತು ಮುಗಿದಲ್ಲೇ ಸಾಲೂ ಮುಗಿಯುತ್ತದೆ. ಉದಾಹರಣೆಗಳನ್ನು ಇದರಲ್ಲೇ ತುರುಕದೆ ಮುಂದಿನ ಸಬ್‌ಟೈಟಲ್‌ಗೆ ಬಿಟ್ಟೆ. ಸ್ಲೈಡಿನಲ್ಲೂ ಇದೇ ಮಾತನ್ನು ಹಾಕಿದೆ. ಮೇಲೊಂದು, ಕೆಳಗೊಂದು ವಾಕ್ಯವಿದ್ದರೆ ಮಗು ಯಾವುದನ್ನು ಓದಬೇಕು? ಸಬ್‌ಟೈಟಲ್ ಬರವಣಿಗೆಯ ಮೇಲೆ ಕೂರದಂತೆ ಸ್ಲೈಡಿನ ಕೆಳಭಾಗವನ್ನೂ ಖಾಲಿ ಬಿಟ್ಟೆ.

ನೀವೂ ವಿಡಿಯೋ ಮುಗಿಸಿದ ಮೇಲೆ ದನಿಯನ್ನು ಪೂರ್ತಿ ನಿಲ್ಲಿಸಿ ಒಮ್ಮೆ ನೋಡಿರಿ. ಸಬ್‌ಟೈಟಲ್ ಒಂದನ್ನೇ ಓದಿಕೊಂಡು 'ಮನೆ + ಅಲ್ಲಿ'ಯಂಥ ಒಂದು ಲೆಕ್ಕ ಬಿಡಿಸಿರಿ. ಉತ್ತರ ತಪ್ಪಿದರೆ, ಕತ್ತರಿ ಎಲ್ಲಿ ಬಿದ್ದಿದೆಯೆಂದು ಅಲ್ಲಿಯೇ ತಿಳಿಯುತ್ತದೆ.